ಬ್ರಾಡ್ ಮ್ಯಾಚ್‌ನಲ್ಲಿ ಬಂದ ಮೂರು ಫಾರಂ

ಕಾಗುಣಿತದಕ್ಕ ಎಂಬ ಹೆಸರನ್ನು ಆಕೆಗೆ ಇಟ್ಟವರು ನಾವೇ, ಮುದ್ರಣಾಲಯದವರು. ಆಕೆ ಅಲ್ಲಿ ಹದಿನಾರು ವರ್ಷ ಕರಡು ತಿದ್ದುತ್ತಿದ್ದಳು. ಹಿಂದಿನ ಕೋಣೆಯ ಕಿಟಕಿ ಪಕ್ಕದಲ್ಲಿ ಒಂದು ಇಳಿಜಾರು ಮೇಜು, ಮೇಲೆ ಒಂದು ಟ್ಯೂಬ್‌ಲೈಟು, ಕೈಯಲ್ಲಿ ಕೆಂಪು ಪೆನ್ನು. ಮದುವೆ ಕಾಗದವಾಗಲಿ, ಔಷಧಿ ಡಬ್ಬಿಯೊಳಗಿನ ಚೀಟಿಯಾಗಲಿ, ಆಕೆಯ ಕಣ್ಣು ತಪ್ಪಿಸಿ ಒಂದು ಕೊಂಬು, ಒಂದು ದೀರ್ಘ ಹೊರಗೆ ಹೋಗುತ್ತಿರಲಿಲ್ಲ. ಯಂತ್ರದ ಬಳಿ ನಿಂತಿರುತ್ತಿದ್ದ ನನಗೆ ಎಷ್ಟೋ ಸಲ ಸಿಟ್ಟು ಬಂದದ್ದುಂಟು. ಪ್ಲೇಟು ಹತ್ತಿಸಿದ ಮೇಲೆ ಬಂದು, "ಅಣ್ಣಾ, ಸ್ವಲ್ಪ ನಿಲ್ಸಿ" ಎನ್ನುತ್ತಿದ್ದಳು. ನಿಲ್ಲಿಸಿ ನೋಡಿದರೆ ಆಕೆ ಹೇಳಿದ್ದೇ ಸರಿ ಇರುತ್ತಿತ್ತು.

ಮುದ್ರಣಾಲಯ ಮುಚ್ಚಿದಾಗ ಆಕೆಗೆ ನಲವತ್ತೆರಡು. ಗಂಡ ನೀರು ಸರಬರಾಜು ಕಚೇರಿಯಲ್ಲಿ ನೀರಿನ ಮಾದರಿ ಪರೀಕ್ಷೆ ಮಾಡುವವನು, ಮಿತಭಾಷಿ. ಮಗಳು ಓದುತ್ತಿದ್ದಳು. ಆಕೆ ಎಂಟು ತಿಂಗಳು ಮನೆಯಲ್ಲಿ ಕೂತು, ಅಡುಗೆಮನೆಯ ಮೇಜಿನ ಮೇಲೆ ಮಗಳ ಹಳೇ ಲ್ಯಾಪ್‌ಟಾಪು ಇಟ್ಟುಕೊಂಡು ಸರ್ಚ್ ಜಾಹೀರಾತು ನಡೆಸುವುದನ್ನು ಕಲಿತಳು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದವರಿಗೆ, "ಅದೂ ಪದಗಳ ಕೆಲಸವೇ ತಾನೇ" ಎಂದಿದ್ದಳು. ಕೊನೆಗೆ ಒಂದು ಹೋಮ್ ನರ್ಸಿಂಗ್ ಏಜೆನ್ಸಿಯಲ್ಲಿ ಕೆಲಸ ಸಿಕ್ಕಿತು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಮನೆಗೆ ಹೆಂಗಸರನ್ನು, ಗಂಡಸರನ್ನು ಕಳಿಸುವ ಏಜೆನ್ಸಿ. ಒಂದು ಔಷಧಿ ಅಂಗಡಿಯ ಮೇಲಿನ ಮಹಡಿ. ಎರಡು ಕೋಣೆ, ಗೋಡೆಗೆ ತಾಗಿಸಿಟ್ಟ ಒಂದು ಮಡಿಸುವ ಗಾಲಿ ಕುರ್ಚಿ. ಯಜಮಾನ ಆಕೆಗಿಂತ ಚಿಕ್ಕವನು, ಮೊದಲು ಆಸ್ಪತ್ರೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದವನು. ಫೋನು ನೋಡಿಕೊಳ್ಳಲು ಒಬ್ಬ ಹೆಂಗಸಿದ್ದಳು. ಅವಳ ಗಂಟಲು ಎಷ್ಟು ಗಟ್ಟಿಯೆಂದರೆ, ಕೆಳಗಿನ ಔಷಧಿ ಅಂಗಡಿಯವರಿಗೆ ನಮ್ಮ ಗಿರಾಕಿಗಳ ಕಾಯಿಲೆಗಳೆಲ್ಲ ಗೊತ್ತು ಎಂದು ಯಜಮಾನ ನಗುತ್ತಿದ್ದ. ಇಡೀ ಕಚೇರಿಗೆ ಕಾಗುಣಿತದಕ್ಕ ಬರೀ 'ಅಕ್ಕ'.

ಆಕೆಯ ಕೆಲಸ ಏನೆಂದು ನನಗೆ ಅರ್ಥವಾಗಲು ಬಹಳ ದಿನ ಬೇಕಾಯಿತು. ಆಕೆಯೇ ಒಂದು ಸಲ ನಮ್ಮ ಮನೆಗೆ ಬಂದಾಗ ಬಿಡಿಸಿ ಹೇಳಿದಳು. ಜನ ಮೊಬೈಲಿನಲ್ಲಿ ಏನನ್ನೋ ಹುಡುಕುತ್ತಾರೆ. ಅದರಲ್ಲಿ ಯಾವ ಹುಡುಕಾಟಕ್ಕೆ ನಮ್ಮ ಜಾಹೀರಾತು ಕಾಣಬೇಕು ಎಂದು ಮೊದಲೇ ಪದ ಕೊಟ್ಟಿಡಬೇಕು. ಜನ ಒತ್ತಿ ಒಳಗೆ ಬಂದರೆ ನಾವು ದುಡ್ಡು ಕೊಡಬೇಕು, ಬರೀ ನೋಡಿದರೆ ಇಲ್ಲ. ಒಳಗೆ ಬಂದವರು ತಮ್ಮ ನಂಬರನ್ನೂ ಏನು ಬೇಕೆಂಬುದನ್ನೂ ಒಂದು ಫಾರಂನಲ್ಲಿ ತುಂಬುತ್ತಾರೆ. ಪದ ಕೊಡುವುದರಲ್ಲಿ ಮೂರು ಬಗೆ, ಮ್ಯಾಚ್ ಎನ್ನುತ್ತಾರೆ. 'ಹೋಮ್ ನರ್ಸ್ ಸೇವೆ' ಎಂಬುದನ್ನು ಎಕ್ಸಾಕ್ಟ್ ಎಂದು ಕೊಟ್ಟರೆ, ಅದನ್ನೇ ಅಥವಾ ಅದೇ ಅರ್ಥದ್ದನ್ನು ಬರೆದವರಿಗೆ ಮಾತ್ರ ಕಾಣುತ್ತದೆ. ಫ್ರೇಸ್ ಎಂದು ಕೊಟ್ಟರೆ, ಆ ಅರ್ಥ ಒಳಗಿದ್ದು ಹಿಂದೆ ಮುಂದೆ ಬೇರೆ ಮಾತು ಸೇರಿದ್ದರೂ ನಡೆಯುತ್ತದೆ: 'ರಾತ್ರಿ ಪಾಳಿಗೆ ಹೋಮ್ ನರ್ಸ್ ಸೇವೆ ಎಷ್ಟಾಗುತ್ತೆ' ಎಂಬಂತೆ. ಬ್ರಾಡ್ ಎಂದು ಕೊಟ್ಟರೆ, ಅದಕ್ಕೆ ಸಂಬಂಧ ಇದೆ ಎಂದು ಜಾಹೀರಾತು ತೋರಿಸುವ ಯಂತ್ರಕ್ಕೆ ತೋರಿದ್ದೆಲ್ಲ ಬರುತ್ತದೆ. ನರ್ಸ್ ಕೆಲಸ ಹುಡುಕುವವರು, ಆಸ್ಪತ್ರೆ ಮಂಚ ಬಾಡಿಗೆಗೆ ಕೇಳುವವರು, ನರ್ಸಿಂಗ್ ಕಾಲೇಜಿನ ಫೀಸು ವಿಚಾರಿಸುವವರು, ಎಲ್ಲರೂ.

"ಒಂದು ಸಲ ನಾಯಿ ನೋಡ್ಕೊಳ್ಳೋಕೆ ಜನ ಬೇಕು ಅಂದೋರೂ ಬಂದಿದ್ರು ಅಣ್ಣಾ" ಎಂದಳು.

"ಕಳಿಸಿದ್ರಾ?"

"ನಮ್ಮ ಫೋನಿನಾಕೆ ಅರ್ಧ ಗಂಟೆ ಮಾತಾಡಿದ್ಳು. ಪೇಷಂಟಿಗೆ ವಯಸ್ಸೆಷ್ಟು ಅಂದ್ರೆ ಹನ್ನೊಂದು ಅಂದ್ರಂತೆ. ಪಾಪ, ಚಿಕ್ಕ ಮಗು ಅಂತ ಮರುಗಿದ್ದಾಳೆ."

ಅವತ್ತು ನಾವೆಲ್ಲ ನಕ್ಕಿದ್ದೆವು.

ಆ ವರ್ಷದ ಕೊನೆಗೆ ಯಜಮಾನ ಆಕೆಯನ್ನು ಕೂರಿಸಿಕೊಂಡು, ಜಾಹೀರಾತಿನ ಖರ್ಚು ಹೀಗೇ ಇದ್ದರೆ ಆಗುವುದಿಲ್ಲ, ಮೂರರಲ್ಲಿ ಯಾವುದು ಇರಬೇಕು ಯಾವುದು ಹೋಗಬೇಕು ಎಂದು ತೀರ್ಮಾನ ಆಗಬೇಕು ಎಂದ. ಆಕೆ ಎಂಟು ವಾರ ಕೇಳಿದಳು. ಮೂರಕ್ಕೂ ಬೇರೆ ಬೇರೆ ಕ್ಯಾಂಪೇನ್ ಮಾಡಿ, ಮೂರಕ್ಕೂ ಅದೇ ಪದಗಳು, ಅದೇ ಜಾಹೀರಾತು, ಅಷ್ಟಷ್ಟೇ ಹಣ ಇಟ್ಟಳು. ಒಂದರ ಪಾಲನ್ನು ಇನ್ನೊಂದು ತಿನ್ನಬಾರದೆಂದು, ಎಕ್ಸಾಕ್ಟಿನ ಪದಗಳನ್ನು ಉಳಿದೆರಡರಲ್ಲಿ, ಫ್ರೇಸಿನ ಪದಗಳನ್ನು ಬ್ರಾಡ್‌ನಲ್ಲಿ 'ಬೇಡ' ಎಂದು ನಮೂದಿಸಿದಳು. ಹಾಗೆ ಮಾಡಿದರೆ ಬ್ರಾಡ್‌ಗೆ ಅಳಿದುಳಿದದ್ದಷ್ಟೇ ಸಿಗುತ್ತದೆ ಎಂಬುದೂ ಆಕೆಗೆ ಗೊತ್ತಿತ್ತು. ಅದನ್ನೂ ಯಜಮಾನನಿಗೆ ಹೇಳಿದಳು. ಬಂದ ಪ್ರತಿ ಫಾರಂ ಯಾವ ಪದದಿಂದ, ಯಾವ ಬಗೆಯಿಂದ ಬಂತು ಎಂಬುದು ತಾನಾಗಿ ಹಾಳೆಯಲ್ಲಿ ಬೀಳುವಂತೆ ಮಾಡಿದಳು. ಕೊನೆಯ ಕಾಲಂನಲ್ಲಿ ಫೋನಿನಾಕೆ ಮಾತಾಡಿ ನೋಡಿ ಬರೆಯಬೇಕು: ಗಿರಾಕಿ ಆದರು, ಆಗಬಹುದು, ದೂರದ ಊರು, ಕೆಲಸ ಕೇಳುವವರು, ಸುಮ್ಮನೆ.

ಮೂರನೇ ವಾರಕ್ಕೆ ಬ್ರಾಡ್‌ನಿಂದ ಫಾರಂಗಳು ಮಳೆಯಂತೆ ಸುರಿಯತೊಡಗಿದವು. ಅದಕ್ಕೂ ಕಾರಣವಿತ್ತು. ಯಾರಾದರೂ ಫಾರಂ ತುಂಬಿದರೆ ಯಂತ್ರ ಅದನ್ನು ಗೆಲುವೆಂದು ಎಣಿಸುತ್ತದೆ. ತುಂಬಿದವರು ಕೆಲಸ ಕೇಳುವವರೋ ಗಿರಾಕಿಯೋ ಎಂದು ಅದಕ್ಕೆ ಗೊತ್ತಿಲ್ಲ. ಕೆಲಸ ಹುಡುಕುವವರು ಯಾವ ಫಾರಂ ಸಿಕ್ಕರೂ ತುಂಬುತ್ತಾರೆ, ಹಾಗಾಗಿ ಅದು ಅಂಥವರನ್ನೇ ಇನ್ನಷ್ಟು ಹುಡುಕಿ ತರುತ್ತದೆ. 'ಸಂಬಳ', 'ನೇಮಕಾತಿ' ಎಂದೆಲ್ಲ ಆಕೆ ವಾರವಾರ ಬೇಡದ ಪದಗಳನ್ನು ಸೇರಿಸುತ್ತಲೇ ಇದ್ದಳು. ಜನ ಬೇರೆ ಮಾತಿನಲ್ಲಿ ಬರುತ್ತಲೇ ಇದ್ದರು. ನಿಜವಾಗಿ ಗಿರಾಕಿ ಆದವರು ಯಾರೆಂಬ ಮಾಹಿತಿಯನ್ನು ಮರಳಿ ಯಂತ್ರಕ್ಕೆ ಕೊಟ್ಟರೆ ಅದು ಕಲಿಯುತ್ತದೆ ಎಂದು ಯಜಮಾನನಿಗೆ ಎರಡು ಸಲ ಹೇಳಿದಳು. ಅದಕ್ಕೆ ಸಾಫ್ಟ್‌ವೇರಿನವರನ್ನು ಕರೆಸಬೇಕಿತ್ತು. ಮುಂದಿನ ತಿಂಗಳು ನೋಡೋಣ ಎಂದ.

ಫೋನಿನಾಕೆ ಒಂದು ಮಧ್ಯಾಹ್ನ ಹೆಡ್‌ಫೋನ್ ಮೇಜಿನ ಮೇಲಿಟ್ಟು, "ಅಕ್ಕಾ, ನನ್ನ ಕೈಲಿ ಇನ್ನಾಗಲ್ಲ" ಎಂದಳು. "ಬೆಳಗ್ಗಿಂದ ಇಪ್ಪತ್ತೆರಡು ಫೋನು. ಹದಿನೇಳು ಜನ ಕೆಲಸ ಕೊಡಿ ಅನ್ನೋರೇ. ಇಲ್ಲ ಅಂತ ಹೇಳಿ ಹೇಳಿ ನಾಲಿಗೆ ಒಣಗಿದೆ. ಈ ಮಧ್ಯೆ ಎಕ್ಸಾಕ್ಟಿನಲ್ಲಿ ಬಂದ ಒಬ್ರು ಕಾದು ಕಾದು ಬೇರೆ ಕಡೆ ಬುಕ್ ಮಾಡಿದ್ರಂತೆ."

ಅದು ನಿಜವೇ. ಯಜಮಾನ ಆಕೆಯ ಕಡೆ ನೋಡಿದ. ಆಕೆ ಅವತ್ತೇ ಕೂತು ಒಂದು ನಿಯಮ ಬರೆದಳು. ಬ್ರಾಡ್‌ನಲ್ಲಿ ಬಂದ ಫಾರಂನ 'ನಿಮಗೆ ಏನು ಬೇಕು' ಎಂಬ ಜಾಗದಲ್ಲಿ 'ಕೆಲಸ', 'ಸಂಬಳ', 'ಖಾಲಿ' ಈ ಮೂರರಲ್ಲಿ ಒಂದು ಪದ ಇದ್ದರೂ ಅದು ಬೇರೆ ಹಾಳೆಗೆ ಹೋಗಬೇಕು. ಅವರಿಗೆ ಫೋನು ಮಾಡುವುದು ಬೇಡ. ತಾನಾಗಿ ಒಂದು ಸಂದೇಶ ಹೋಗಲಿ: 'ಸದ್ಯ ಖಾಲಿ ಇಲ್ಲ. ಧನ್ಯವಾದಗಳು.' ಮೊದಲು 'ಸದ್ಯ ಯಾವುದೇ ಹುದ್ದೆ ಖಾಲಿ ಇಲ್ಲ' ಎಂದು ಬರೆದಿದ್ದಳು. ಉದ್ದವಾಯಿತೆಂದು 'ಯಾವುದೇ ಹುದ್ದೆ' ಎಂಬುದನ್ನು ತಾನೇ ತೆಗೆದಳು. ಮರುದಿನದಿಂದ ಫೋನಿನಾಕೆಗೆ ಉಸಿರು ಬಂತು.

ಎಂಟು ವಾರ ಮುಗಿಯಿತು. ಮೂರಕ್ಕೂ ಅರವತ್ತು ಸಾವಿರದಂತೆ ಖರ್ಚಾಗಿತ್ತು. ಬ್ರಾಡ್‌ನಲ್ಲಿ ಇನ್ನೂರ ನಲವತ್ತು ಫಾರಂ, ಅಂದರೆ ಒಂದಕ್ಕೆ ಇನ್ನೂರೈವತ್ತು ಬಿದ್ದಿತ್ತು. ಫ್ರೇಸ್‌ನಲ್ಲಿ ನೂರು, ಒಂದಕ್ಕೆ ಆರುನೂರು. ಎಕ್ಸಾಕ್ಟ್‌ನಲ್ಲಿ ಎಪ್ಪತ್ತೈದೇ, ಒಂದಕ್ಕೆ ಎಂಟುನೂರು. ಇಷ್ಟನ್ನೇ ನೋಡಿದರೆ ಬ್ರಾಡ್ ಅಗ್ಗ. ಆದರೆ ಗಿರಾಕಿಗಳಾದವರು ಎಕ್ಸಾಕ್ಟ್‌ನಿಂದ ಹದಿನೈದು, ಫ್ರೇಸ್‌ನಿಂದ ಹನ್ನೆರಡು, ಬ್ರಾಡ್‌ನಿಂದ ಐದು. ಒಬ್ಬ ಗಿರಾಕಿಗೆ ಎಕ್ಸಾಕ್ಟ್ ನಾಲ್ಕು ಸಾವಿರ ತಿಂದರೆ ಬ್ರಾಡ್ ಹನ್ನೆರಡು ಸಾವಿರ ತಿಂದಿತ್ತು. ಯಜಮಾನ ಹಾಳೆ ನೋಡಿ, "ಇದಕ್ಕಿಂತ ಇನ್ನೇನು ಬೇಕು ಅಕ್ಕ" ಎಂದ. "ತಿಂಗಳ ಕೊನೆಗೆ ಬ್ರಾಡ್ ನಿಲ್ಲಿಸಿಬಿಡಿ. ಒಂದೇ ನಂಬರಿನಿಂದ ಎರಡೆರಡು ಸಲ ಬಂದಿರೋದನ್ನ ತೆಗೆದು ಒಂದು ಸಲ ಶುದ್ಧ ಮಾಡಿ ಕೊಡಿ, ಸಾಕು."

ಹಾಗೆ ಶುದ್ಧ ಮಾಡಲು ಕೂತಾಗಲೇ ಆಕೆಗೆ ಅದು ಕಂಡದ್ದು. ಹಾಳೆಯನ್ನು ಫೋನ್ ನಂಬರಿನ ಕ್ರಮದಲ್ಲಿ ಜೋಡಿಸಿದಾಗ, ಕೆಲಸ ಕೇಳುವವರ ಪಟ್ಟಿಯಲ್ಲಿ ಒಂದೇ ನಂಬರು ಮೂರು ಸಾಲಿನಲ್ಲಿತ್ತು. ಎರಡನ್ನು ಅಳಿಸಿ ಮುಂದೆ ಹೋಗಬೇಕಿತ್ತು. ಹದಿನಾರು ವರ್ಷದ ಅಭ್ಯಾಸ, ಓದದೆ ಅಳಿಸಲು ಆಕೆಗೆ ಬರುವುದಿಲ್ಲ. ಓದಿದಳು.

ಮೊದಲನೆಯದು ಹತ್ತೊಂಬತ್ತು ದಿನದ ಹಿಂದಿನದು. 'ನನ್ನ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ. ನಾನು ಕೆಲಸಕ್ಕೆ ಹೋಗಬೇಕು. ಬೆಳಿಗ್ಗೆ ಹೊತ್ತು ಯಾರಾದರೂ ಬರುತ್ತಾರಾ.'

ಎರಡನೆಯದು ಅದಾದ ಐದು ದಿನಕ್ಕೆ. 'ಬೆನ್ನಲ್ಲಿ ಹುಣ್ಣಾಗಿದೆ. ಒಬ್ಬನಿಂದ ತಿರುಗಿಸಿ ಮಲಗಿಸಲು ಆಗುತ್ತಿಲ್ಲ. ಕೆಲಸ ಬಿಟ್ಟು ಕೂತಿದ್ದೇನೆ.'

ಮೂರನೆಯದು ಮತ್ತೂ ಒಂದು ವಾರಕ್ಕೆ. 'ಯಾರಾದರೂ ಖಾಲಿ ಆದಾಗ ದಯವಿಟ್ಟು ತಿಳಿಸಿ.'

ಮೂರಕ್ಕೂ ಉತ್ತರ ಹೋಗಿತ್ತು. ಪಕ್ಕದ ಕಾಲಂನಲ್ಲಿ ದಿನಾಂಕ, ಗಂಟೆ ಸಮೇತ ಇತ್ತು. 'ಸದ್ಯ ಖಾಲಿ ಇಲ್ಲ. ಧನ್ಯವಾದಗಳು.'

ಆಕೆ ಎದ್ದು ಹೋಗಿ ನೀರು ಕುಡಿದು ಬಂದಳಂತೆ. ಮತ್ತೆ ಓದಿದಳಂತೆ. "ಅಣ್ಣಾ, ಮೂರನೇ ಸಲ ಆ ಮನುಷ್ಯ ನನಗೇ ಉತ್ತರ ಬರೆದಿದ್ದ. ನನ್ನ ಮಾತನ್ನೇ ಹಿಡಿದು ಬರೆದಿದ್ದ. ಅದೇ ಪದಕ್ಕೆ ನಾನು ಮತ್ತೆ ಅವನನ್ನ ಪಕ್ಕಕ್ಕೆ ತಳ್ಳಿದ್ದೆ" ಎಂದು ನನಗೆ ಹೇಳುವಾಗ ಆಕೆಯ ಕೈ ಮೇಜಿನ ಅಂಚನ್ನು ಉಜ್ಜುತ್ತಲೇ ಇತ್ತು.

ಆಕೆ ತಾನೇ ಫೋನು ಮಾಡಿದಳು. ನಾಲ್ಕು ರಿಂಗಿಗೆ ಎತ್ತಿದವರು ಐವತ್ತೈದು ಅರವತ್ತರ ಗಂಡಸು. ರಸ್ತೆ ಬದಿಯಲ್ಲಿ ಬೀಗದ ಕೈ ಮಾಡುವವರು. ಹೆಂಡತಿಗೆ ಲಕ್ವ ಹೊಡೆದು ಮೂರು ತಿಂಗಳಾಗಿತ್ತು.

"ಹೌದಮ್ಮ, ನಾನೇ. ಖಾಲಿ ಆದ್ರಾ ಯಾರಾದ್ರೂ?" ಎಂದರು.

"ನಮ್ಮಿಂದ ತಡ ಆಯ್ತು, ಕ್ಷಮಿಸಿ" ಎಂದಳು. "ಈಗ ಹೇಗಿದ್ದಾರೆ?"

"ಹುಣ್ಣು ದೊಡ್ಡದಾಗಿದೆ. ವಾಸನೆ ಬರ್ತಿದೆ. ಕ್ಲಿನಿಕ್ಕಿನಲ್ಲಿ ಮುಲಾಮು ಕೊಟ್ಟಿದಾರೆ. ಎರಡು ಗಂಟೆಗೊಮ್ಮೆ ತಿರುಗಿಸಿ ಅಂತಾರೆ. ನನ್ನ ಸೊಂಟ ಹಿಡ್ಕೊಂಡಿದೆ, ಒಬ್ಬನ ಕೈಲಿ ಎತ್ತೋಕಾಗಲ್ಲ. ಬೆಳಗ್ಗೆ ಎರಡು ಗಂಟೆ ಹೊತ್ತು ಯಾರಾದ್ರೂ ಬಂದ್ರೆ ಸಾಕಮ್ಮ, ತೊಳೆದು ಬಟ್ಟೆ ಬದಲಿಸೋಕೆ."

"ನಮ್ಮ ಬಗ್ಗೆ ನಿಮಗೆ ಹೇಗೆ ಗೊತ್ತಾಯ್ತು?"

"ಮೊಬೈಲಲ್ಲಿ. ಇದಕ್ಕೆ ಏನಂತಾರೆ ಅಂತ ನಂಗೆ ಗೊತ್ತಿರಲಿಲ್ಲ. ಹೆಂಡತಿ ಎದ್ದು ಕೂರಲ್ಲ, ನೋಡ್ಕೊಳ್ಳೋಕೆ ಯಾರು ಬರ್ತಾರೆ ಅಂತ ಬರೆದೆ. ನಿಮ್ಮದು ಬಂತು."

ಫೋನಿಟ್ಟ ಮೇಲೆ ಆಕೆ ಆ ಹತ್ತೊಂಬತ್ತು ದಿನದ ಹುಡುಕಾಟದ ಪಟ್ಟಿ ತೆಗೆದು ಆ ಸಾಲನ್ನು ಹುಡುಕಿದಳು. ಸಿಗಲಿಲ್ಲ. ಎಲ್ಲೋ ಒಬ್ಬರಿಬ್ಬರು ಬರೆದ ಮಾತನ್ನು ಯಂತ್ರ ಬಿಡಿಸಿ ತೋರಿಸುವುದಿಲ್ಲ, 'ಇತರೆ' ಎಂದು ಒಂದೇ ಸಾಲಿನಲ್ಲಿ ಕೂಡಿಸಿಡುತ್ತದೆ. ಆ ಮನುಷ್ಯನ ಪ್ರಶ್ನೆ ಆ 'ಇತರೆ'ಯೊಳಗೆಲ್ಲೋ ಇತ್ತು. ಆಗ ಆಕೆಗೆ ಹೊಳೆದದ್ದನ್ನು ನನಗೆ ಹೀಗೆ ಹೇಳಿದಳು: ಎಕ್ಸಾಕ್ಟಿನಲ್ಲಿ ಬರುವವರಿಗೆ ತಮಗೆ ಬೇಕಾದದ್ದರ ಹೆಸರು ಮೊದಲೇ ಗೊತ್ತಿರುತ್ತದೆ. ಹೆಸರೇ ಗೊತ್ತಿಲ್ಲದವರು, ಕಷ್ಟವನ್ನು ಕಷ್ಟದ ಹಾಗೇ ಬರೆದವರು, ಬ್ರಾಡ್‌ನಲ್ಲಿ ಬರುತ್ತಾರೆ, ನೂರು ಜನರ ಗದ್ದಲದಲ್ಲಿ.

ಆಕೆ ಯಜಮಾನನ ಬಳಿ ಹೋದಳು. ಅವನು ಕೆಟ್ಟವನಲ್ಲ. ಮೂರು ಫಾರಂಗಳನ್ನೂ ಓದಿದ.

"ಎರಡು ಗಂಟೆ ಕೆಲಸಕ್ಕೆ ಯಾರನ್ನ ಕಳಿಸಲಿ ಅಕ್ಕ? ನಮ್ಮದು ಹನ್ನೆರಡು ಗಂಟೆ ಪಾಳಿ. ಎರಡು ಗಂಟೆಗೆ ಅಂತ ಹೋದ್ರೆ ಅವರಿಗೆ ದಿನದ ಕೂಲಿ ಹುಟ್ಟಲ್ಲ, ಯಾರೂ ಒಪ್ಪಲ್ಲ. ಮೇಲಾಗಿ ಇವತ್ತಿಗೆ ಕೈಯಲ್ಲಿ ಒಬ್ಬರೂ ಇಲ್ಲ. ನಿಮ್ಮ ಎಕ್ಸಾಕ್ಟಿನ ಹದಿನೈದು ಮನೆಗೇ ಜನ ಸಾಲದೆ ಒದ್ದಾಡ್ತಿದೀನಿ."

"ಒಂದು ವಾರ ಸರ್, ಒಂದೇ ವಾರ."

"ಪೂರ್ತಿ ಪಾಳಿ ಅವರ ಕೈಲಿ ಆಗುತ್ತಾ? ಕೇಳಿದ್ರಾ?"

ಕೇಳಿದ್ದಳು. ಆಗುವುದಿಲ್ಲ ಎಂದಿದ್ದರು.

ಆಮೇಲೆ ಆಕೆಗೂ ಫೋನಿನಾಕೆಗೂ ಒಂದು ಯೋಚನೆ ಬಂತು. ಕೆಲಸ ಕೇಳಿದವರ ಹಾಳೆಯಲ್ಲಿ ನೂರ ಮೂವತ್ತೊಂದು ಸಾಲಿತ್ತು. ಬೀಗದ ಕೈಯವರ ಮನೆಯ ಕಡೆ ಇರುವವರು ಯಾರಾದರೂ ಬೆಳಿಗ್ಗೆ ಎರಡು ಗಂಟೆ ಹೊತ್ತಿನ ಕೆಲಸಕ್ಕೆ ಒಪ್ಪಬಹುದಲ್ಲ. ಯಜಮಾನನನ್ನು ಕೇಳಿದರು. ಏಜೆನ್ಸಿಯ ಹೆಸರು ಬರಬಾರದು, ಅವರು ಕೇಳಿದ್ದು ಕೆಲಸ ತಾನೇ, ಮಾಡಿ ನೋಡಿ ಎಂದ. ಊಟದ ಬಿಡುವಿನಲ್ಲಿ ಇಬ್ಬರೂ ಹಂಚಿಕೊಂಡು ಫೋನು ಮಾಡಿದರು. ಒಬ್ಬಳು ಬಿಸ್ಕತ್ತು ಕಾರ್ಖಾನೆಗೆ ಸೇರಿಯಾಗಿತ್ತು. ಒಬ್ಬನಿಗೆ ಆಸ್ಪತ್ರೆ ಕೆಲಸವೇ ಬೇಕು. ಇಬ್ಬರು, ಖಾಲಿ ಇಲ್ಲ ಅಂದಿದ್ರಲ್ಲ ಎಂದು ಸಿಟ್ಟಾದರು. ಹನ್ನೊಂದನೆಯವಳು ಒಪ್ಪಿದಳು. ಅತ್ತೆಯನ್ನು ಮೂರು ವರ್ಷ ಹಾಸಿಗೆಯಲ್ಲಿ ನೋಡಿಕೊಂಡ ಹೆಂಗಸು, ತರಬೇತಿ ಏನೂ ಇಲ್ಲ, ಮನೆ ಅಲ್ಲಿಂದ ನಡೆದು ಹೋಗುವಷ್ಟು ದೂರ.

ಅದೇ ಓದಿನಲ್ಲಿ ಇನ್ನೊಂದು ಸಂಗತಿಯೂ ಕಂಡಿತು. ಆ ಹಾಳೆಯಲ್ಲಿ ಇನ್ನೂ ಆರು ಮನೆಯವರಿದ್ದರು. 'ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಅಪ್ಪನ ಬಳಿ ಯಾರೂ ಇಲ್ಲ.' 'ತಾಯಿಗೆ ಸ್ನಾನ ಮಾಡಿಸುವ ಕೆಲಸಕ್ಕೆ ಒಬ್ಬರು ಬೇಕು.' ಕೆಲಸ ಇಲ್ಲದ ಮನೆ ಯಾವುದು? ಇಷ್ಟು ಸಣ್ಣ ಮಾತು ತನಗೆ ಹೊಳೆಯಲಿಲ್ಲವಲ್ಲ ಎಂದು ಆಕೆ ನನ್ನೆದುರು ಎರಡು ಮೂರು ಸಲ ಹೇಳಿದಳು. ಆರೂ ಮನೆಗೆ ಫೋನು ಮಾಡಿದಳು. ಇಬ್ಬರು ಬೇರೆ ಕಡೆಯಿಂದ ಜನ ಮಾಡಿಕೊಂಡಿದ್ದರು. ಒಬ್ಬರು ಎತ್ತಲಿಲ್ಲ. ಒಬ್ಬಳು, "ಈಗ ಬೇಡ, ಅಪ್ಪ ಹೋದ್ರು" ಎಂದು ಫೋನಿಟ್ಟಳು. ಉಳಿದಿಬ್ಬರು ಯೋಚಿಸಿ ಹೇಳುತ್ತೇವೆ ಎಂದರು.

ಬೀಗದ ಕೈಯವರ ಮನೆಗೆ ಆ ಹೆಂಗಸು ಎರಡು ಬೆಳಿಗ್ಗೆ ಹೋದಳು. ಎರಡನೇ ದಿನ ಅಲ್ಲಿಂದಲೇ ಫೋನು ಮಾಡಿದಳು.

"ಅಕ್ಕಾ, ಇದು ನನ್ನ ಕೈಲಾಗೋದಲ್ಲ. ಹುಣ್ಣು ಒಳಕ್ಕೆ ಹೋಗಿದೆ. ತೊಳೆಯೋವಾಗ ಬಿಳಿ ಮೂಳೆ ಕಾಣ್ತು. ಮೈ ಸುಡ್ತಿದೆ. ಆಸ್ಪತ್ರೆಗೆ ಹಾಕಿ ಅಂತ ಇವರಿಗೆ ನೀವೊಂದು ಮಾತು ಹೇಳಿ. ನಾ ಹೇಳಿದ್ರೆ ಹೆದರ್ತಾರೆ."

ಆಕೆ ಹೇಳಿದಳು. ಅವತ್ತು ಮಧ್ಯಾಹ್ನವೇ ಸರ್ಕಾರಿ ಆಸ್ಪತ್ರೆಗೆ ಸೇರಿಸಿದರು. ಸಂಜೆ ಕಚೇರಿ ಬಿಟ್ಟು ಆಕೆ ಅಲ್ಲಿಗೆ ಹೋದಳು. ಉದ್ದನೆಯ ವಾರ್ಡು, ಎರಡು ಸಾಲು ಮಂಚ, ಸೀಮೆಸುಣ್ಣದಲ್ಲಿ ನಂಬರು ಬರೆದ ಕಪ್ಪು ತಗಡುಗಳು. ಬಾಗಿಲಲ್ಲಿದ್ದ ಆಯಾ, ಹೆಂಗಸರ ವಾರ್ಡಿಗೆ ಒಂದು ಪೇಷಂಟಿಗೆ ಒಬ್ಬರೇ, ಅವರ ಕಡೆಯವರು ಒಳಗಿದ್ದಾರೆ, ನೀವು ಏನಾಗಬೇಕು ಎಂದು ಕೇಳಿದಳು. ಏನಾಗಬೇಕು ಎಂದು ಆಕೆಗೆ ಹೇಳಲಾಗಲಿಲ್ಲ. ಬಾಗಿಲ ಗಾಜಿನಲ್ಲಿ ಸ್ವಲ್ಪ ಹೊತ್ತು ನೋಡಿ, ತಂದಿದ್ದ ಬ್ರೆಡ್ಡಿನ ಪೊಟ್ಟಣವನ್ನು, ಫೋನು ಮಾಡಿದವರು ಎನ್ನಿ ಎಂದು ಅವಳ ಕೈಗೆ ಕೊಟ್ಟು ವಾಪಸು ಬಂದಳು. ಮನೆಯಲ್ಲಿ ಆಕೆಯ ಗಂಡ ಅವತ್ತು ಮೊದಲ ಸಲ ಕೇಳಿದನಂತೆ, "ಏನಾಗಿದೆ ನಿಂಗೆ?" ಎಂದು. ಆಕೆ ಎಲ್ಲ ಹೇಳಿದಳು. ಅವನು ಯೋಚಿಸಿ, "ನೀನೇನು ಒಬ್ಬರ ಹೆಸರು ಓದಿ ಬೇಕಂತ ತಳ್ಳಿದ್ದಲ್ಲ. ನೂರು ಬರ್ತಿತ್ತು, ಒಂದು ನಿಯಮ ಹಾಕಿದೆ" ಎಂದ. ಸಮಾಧಾನಕ್ಕೆಂದೇ ಹೇಳಿದ್ದ. ಆಕೆಗೆ ಅದೇ ಚುಚ್ಚಿತು. ಓದದೆ ಬಿಟ್ಟದ್ದೇ ತಪ್ಪಲ್ಲವೇ ಎಂದಳು.

ಆಸ್ಪತ್ರೆಗೆ ಸೇರಿದ ಒಂಬತ್ತನೇ ದಿನ ಬೀಗದ ಕೈಯವರ ಹೆಂಡತಿ ತೀರಿಕೊಂಡರು. ನಂಜು ರಕ್ತಕ್ಕೆ ಏರಿತ್ತು ಎಂದರಂತೆ. ಮೊದಲ ಫಾರಂ ಬಂದ ದಿನವೇ ಯಾರಾದರೂ ಹೋಗಿದ್ದರೆ ಉಳಿಯುತ್ತಿದ್ದರೇ ಎಂದು ಆಕೆ ವಾರ್ಡಿನ ನರ್ಸ್ ಒಬ್ಬಳನ್ನು ಕೇಳಿದ್ದಳು. "ಹೇಗೆ ಹೇಳೋದು ಮೇಡಂ" ಎಂದಷ್ಟೇ ಅವಳು ಹೇಳಿದ್ದು.

ತಿಂಗಳ ಕೊನೆಯ ಸಭೆಗೆ ಆಕೆ ಶುದ್ಧ ಮಾಡಿದ ಪಟ್ಟಿ ತಂದಳು. ಮತ್ತೆ ಮತ್ತೆ ಬಂದವರನ್ನು ತೆಗೆದ ಮೇಲೆ ಬ್ರಾಡ್‌ನ ಇನ್ನೂರ ನಲವತ್ತು ಇನ್ನೂರ ಇಪ್ಪತ್ತೊಂದಾಗಿತ್ತು. ಕೆಳಗೆ ಒಂದು ಟಿಪ್ಪಣಿ ಬರೆದಿದ್ದಳು: ಬ್ರಾಡ್‌ನ ಏಳು ಮನೆಗಳಿಗೆ ನಮ್ಮ ತಪ್ಪಿನಿಂದ ಫೋನು ಹೋಗಿಲ್ಲ, ಹಾಗಾಗಿ ಬ್ರಾಡ್ ಬಗ್ಗೆ ನಾವು ಹೇಳಿದ್ದು ಪೂರ್ತಿ ನ್ಯಾಯವಲ್ಲ.

ಯಜಮಾನ ಟಿಪ್ಪಣಿ ಓದಿದ. "ಸರಿ ಅಕ್ಕ. ಆ ಏಳರಲ್ಲಿ ಮೂರು ಗಿರಾಕಿ ಆಗ್ತಿದ್ರು ಅಂತ ಇಟ್ಕೊಳ್ಳಿ. ಐದು ಎಂಟಾಗುತ್ತೆ. ಒಬ್ಬರಿಗೆ ಎಷ್ಟು ಬೀಳುತ್ತೆ?"

"ಏಳೂವರೆ ಸಾವಿರ."

"ಎಕ್ಸಾಕ್ಟ್?"

"ನಾಲ್ಕು."

"ಫ್ರೇಸ್?"

"ಐದು."

ಅವನು ಕೈ ಚೆಲ್ಲಿದ. ಲೆಕ್ಕ ಆಕೆಯದೇ, ಸರಿಯಾಗೇ ಇತ್ತು. ಆದರೂ ಹೇಳಿದಳು: ಬ್ರಾಡ್‌ಗೆ ಹತ್ತರಲ್ಲಿ ಒಂದು ಪಾಲು ಹಣ ಇಟ್ಟರೆ ಸಾಕು, ಬರುವ ಫಾರಂಗಳನ್ನು ತಾನೇ ಒಂದೊಂದಾಗಿ ಓದುತ್ತೇನೆ, ಅದರಲ್ಲಿ ಸಿಗುವ ಹೊಸ ಮಾತುಗಳನ್ನು ಫ್ರೇಸಿಗೆ ಹಾಕಬಹುದು.

"ಓದಿ ಏನು ಮಾಡೋದು ಅಕ್ಕ?" ಎಂದ ಯಜಮಾನ. ದನಿಯಲ್ಲಿ ಗದರಿಕೆ ಇರಲಿಲ್ಲ. "ಅವರಿಗೆ ಬೇಕಾದ್ದು ಎರಡು ಗಂಟೆ. ಅವರ ಕೈಲಾಗೋದು ಎರಡು ಗಂಟೆದು. ನಮ್ಮಲ್ಲಿರೋದು ಹನ್ನೆರಡು ಗಂಟೆ. ಅವರು ನಮ್ಮ ಬಾಗಿಲಿಗೆ ಬರೋ ಹಾಗೆ ಮಾಡಿ, ಬಂದ ಮೇಲೆ ಇಲ್ಲ ಅನ್ನೋದಕ್ಕಿಂತ, ಬರದೇ ಇರೋದು ಒಳ್ಳೇದಲ್ವಾ?"

ಫೋನಿನಾಕೆ ಮೊದಲ ಸಲ ತಗ್ಗಿದ ದನಿಯಲ್ಲಿ, "ಸರ್ ಹೇಳೋದೂ ಒಂದು ರೀತಿ ಸರಿ ಅಕ್ಕ" ಎಂದಳು.

ಬ್ರಾಡ್ ನಿಂತಿತು. ನಿಲ್ಲಿಸುವ ಗುಂಡಿ ಒತ್ತಿದವಳೂ ಆಕೆಯೇ. ಮುಂದಿನ ತಿಂಗಳು ಗಿರಾಕಿಗಳು ಹೆಚ್ಚಾದರು, ಖರ್ಚು ಇಳಿಯಿತು. ಯಜಮಾನ ಎಲ್ಲರೆದುರು ಹೊಗಳಿದ, ಸಂಬಳವನ್ನೂ ಸ್ವಲ್ಪ ಏರಿಸಿದ.

ಒಂದು ಶನಿವಾರ ಆಕೆ ಬೀಗದ ಕೈಯವರ ಜಾಗ ಹುಡುಕಿಕೊಂಡು ಹೋದಳು. ಬಸ್ ನಿಲ್ದಾಣದ ಹಿಂದಿನ ರಸ್ತೆ, ಒಂದು ಚಪ್ಪಲಿ ಅಂಗಡಿಯ ಮೆಟ್ಟಿಲ ಬದಿ. ಮರದ ಪೆಟ್ಟಿಗೆ, ಅದರ ಮೇಲೆ ತಂತಿಗೆ ಪೋಣಿಸಿದ ನೂರಾರು ಅರೆಬರೆ ಬೀಗದ ಕೈಗಳು, ಸಣ್ಣ ಅರ, ಇಕ್ಕಳ. ಆಕೆ ಯಾರೆಂದು ಹೇಳಿದ ಕೂಡಲೇ ಅವರು ಎದ್ದು ನಿಂತು, ಕೂರಲು ತಮ್ಮ ಸ್ಟೂಲನ್ನೇ ಒರೆಸಿ ಕೊಟ್ಟರು.

"ನೀವೊಬ್ಬರೇ ಅಮ್ಮ ಫೋನು ಮಾಡಿದ್ದು. ಆಸ್ಪತ್ರೆಗೂ ಬಂದಿದ್ರಂತೆ, ಆಯಮ್ಮ ಹೇಳಿದ್ಳು. ಬ್ರೆಡ್ಡು ಕೊಟ್ಳು."

ಆಕೆ ಹೇಳಬೇಕೆಂದೇ ಬಂದಿದ್ದಳು. ಹೇಳಿದಳು. "ನೀವು ಮೂರು ಸಲ ಬರೆದಿದ್ರಿ. ಮೊದಲನೇ ಸಲಾನೇ ಯಾರಾದ್ರೂ ಓದಬೇಕಿತ್ತು. ಓದಲಿಲ್ಲ. ನಾನೇ ಒಂದು ನಿಯಮ ಮಾಡಿಟ್ಟಿದ್ದೆ. ಕೆಲಸ ಅನ್ನೋ ಪದ ಇದ್ರೆ ಕೆಲಸ ಕೇಳೋರು ಅಂತ ತಗೊಂಡು, ಖಾಲಿ ಇಲ್ಲ ಅಂತ ತಾನಾಗೇ ಉತ್ತರ ಹೋಗೋ ಹಾಗೆ. ಜನ ಇಲ್ಲ ಅಂತಲ್ಲ ಅದರ ಅರ್ಥ. ಯಾರೂ ನೋಡಿರಲೇ ಇಲ್ಲ."

ಅವರು ಅರವನ್ನು ಕೈಯಲ್ಲಿ ಹಿಡಿದು ಅದನ್ನೇ ತಿರುಗಿಸುತ್ತಾ ಕೇಳಿಸಿಕೊಂಡರು. "ಹಾಗಾದ್ರೆ ನಾನು ತಪ್ಪಾಗಿ ಬರೆದೆನಾ?" ಎಂದರು. "ಕೆಲಸ ಅಂತ ಬರೀಬಾರದಿತ್ತಾ?"

"ಇಲ್ಲ ಇಲ್ಲ. ನಿಮ್ಮದೇನೂ ತಪ್ಪಿಲ್ಲ. ನೀವು ಬರೆದದ್ದು ಸರಿಯಾಗೇ ಇತ್ತು."

"ಓದು ಕಮ್ಮಿ ನಂದು. ಅಂಗಡಿಗೆ ಹೋಗಬೇಕು ಅಂತ ಬರೆದಿದ್ರೆ ಆಗ್ತಿತ್ತೇನೋ" ಎಂದರು. ಆಮೇಲೆ ಅದನ್ನೇ ಯೋಚಿಸುತ್ತ ಕೂತರು. ಆಕೆ ಏನು ಹೇಳಿದರೂ, ಹೂಂ ಅಮ್ಮ, ಹೂಂ ಅಮ್ಮ ಎಂದರೇ ಹೊರತು ಆ ಮಾತು ಅವರ ಮನಸ್ಸಿನಿಂದ ಇಳಿಯಲಿಲ್ಲ. ಅಷ್ಟರಲ್ಲಿ ಸ್ಕೂಟರಿನ ಬೀಗದ ಕೈ ಕಳೆದುಕೊಂಡ ಒಬ್ಬ ಬಂದ. ಅವರು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಕೂತರು. ಆಕೆ ಸ್ಟೂಲಿನಿಂದ ಎದ್ದು ಅದನ್ನು ಅವರ ಬದಿಗೆ ಸರಿಸಿದಳು.

ಇದೆಲ್ಲ ಆಗಿ ಎರಡು ವರ್ಷವಾಯಿತು. ಆಕೆ ಅಲ್ಲೇ ಇದ್ದಾಳೆ. ಆ ನಿಯಮ ಈಗಿಲ್ಲ. ಬಂದ ಫಾರಂಗಳನ್ನೆಲ್ಲ ಬೆಳಿಗ್ಗೆ ಮೊದಲು ಆಕೆಯೇ ಓದುತ್ತಾಳೆ. ದಿನಕ್ಕೆ ಐದಾರು ಬರುತ್ತವೆ, ಎಲ್ಲವೂ ಅಚ್ಚುಕಟ್ಟು: ಇಂಥ ವಯಸ್ಸು, ಇಂಥ ಕಾಯಿಲೆ, ಇಂಥ ಪಾಳಿ, ದರ ಎಷ್ಟು. ಒಂದೂ ತಪ್ಪಿಲ್ಲದ ಕರಡಿನ ಹಾಗಿರುತ್ತವೆ ಅಣ್ಣಾ ಎನ್ನುತ್ತಾಳೆ. ಹೆಸರು ಗೊತ್ತಿಲ್ಲದೆ ಹುಡುಕುವವರು ಈಗಲೂ ಎಲ್ಲೋ ಬರೆಯುತ್ತಲೇ ಇರಬೇಕು. ಅವರಿಗೆ ಏನು ಕಾಣುತ್ತದೆ, ಯಾರ ಬಾಗಿಲಿಗೆ ಹೋಗುತ್ತಾರೆ ಎಂದು ಒಮ್ಮೆ ಕೇಳಿದೆ. ಗೊತ್ತಿಲ್ಲ ಎಂದಳು. ಬ್ರಾಡ್ ನಿಂತ ಮೇಲೆ ಅವರು ಬರೆದದ್ದು ತನ್ನ 'ಇತರೆ'ಯೊಳಗೂ ಬರುವುದಿಲ್ಲ ಎಂದಳು.